"ಮೆಂಟರ್ ಆಗ್ತೀರಾ" ಅನ್ನುವ ಬದಲು ಒಂದೂಮುಕ್ಕಾಲು ಗಂಟೆ ಕೇಳಿ

ಡಿಸೈನ್ ರಿವ್ಯೂ ಮುಗಿದಿತ್ತು. ಎಲ್ಲರೂ ಲ್ಯಾಪ್‌ಟಾಪ್ ಮುಚ್ಚುತ್ತಿದ್ದರು. ನಮ್ಮ ಟೀಮಿಗೆ ಹೊಸದಾಗಿ ಬಂದಿದ್ದ ಹುಡುಗ ಪ್ಲಾಟ್‌ಫಾರ್ಮ್ ಟೀಮಿನ ಪ್ರಿನ್ಸಿಪಲ್ ಇಂಜಿನಿಯರ್ ಹತ್ತಿರ ಹೋಗಿ, "ಮೇಡಂ, ನೀವು ನನಗೆ ಮೆಂಟರ್ ಆಗ್ತೀರಾ?" ಎಂದು ಕೇಳಿಯೇ ಬಿಟ್ಟ. ರೂಮಿನಲ್ಲಿ ಇನ್ನೂ ನಾಲ್ಕೈದು ಜನ ಇದ್ದೆವು. ಎಲ್ಲರೂ ಸುಮ್ಮನಾದರು. ಅವರು ಅವನನ್ನು ನೋಡಿದರು, ಗಡಿಯಾರ ನೋಡಿದರು, ಒಂಚೂರು ನಕ್ಕರು. "ನೋಡೋಣಪ್ಪಾ, ಈ ತಿಂಗಳು ಸ್ವಲ್ಪ ಕಷ್ಟ" ಅಂದು ಹೊರಟರು. ಅವನು ಚಾರ್ಜರ್ ಕೇಬಲ್ ಸುತ್ತುತ್ತಾ ಅಲ್ಲೇ ನಿಂತಿದ್ದ. ಯಾರ ಮುಖವನ್ನೂ ನೋಡಲಿಲ್ಲ. ಆ "ನೋಡೋಣ" ತಿಂಗಳು ಕಳೆದರೂ "ನೋಡೋಣ" ಆಗಿಯೇ ಉಳಿಯಿತು.

ನನಗೆ ಅದು ಇವತ್ತಿಗೂ ಚುಚ್ಚುತ್ತದೆ. "ಧೈರ್ಯವಾಗಿ ಕೇಳು, ಅವರು ಒಳ್ಳೆಯವರು" ಎಂದು ಅವನನ್ನು ಕಳಿಸಿದ್ದು ನಾನೇ. ಅವರು ಒಳ್ಳೆಯವರು ಅನ್ನುವುದು ನಿಜ. ಆದರೆ ಇಲ್ಲಿ ಬೇಕಿದ್ದದ್ದು ಧೈರ್ಯ ಅಲ್ಲ.

ಮುಂದೊಂದು ದಿನ ಅವರನ್ನೇ ನೇರವಾಗಿ ಕೇಳಿದೆ. ಅವರು ಹೇಳಿದ್ದು ಇಷ್ಟು: "ನಾನು ಇಲ್ಲ ಅನ್ನಲಿಲ್ಲ. ಏನಕ್ಕೆ ಹೌದು ಅನ್ನಬೇಕು ಅಂತ ಗೊತ್ತಾಗಲಿಲ್ಲ. ವಾರಕ್ಕೆ ಎಷ್ಟು ಹೊತ್ತು? ಎಷ್ಟು ತಿಂಗಳು? ಕೋಡ್ ನೋಡಬೇಕಾ, ಪ್ರಮೋಷನ್‌ಗೆ ಮಾತಾಡಬೇಕಾ? ಒಪ್ಪಿಕೊಂಡು ಮಧ್ಯದಲ್ಲಿ ಬಿಟ್ಟರೆ ಹುಡುಗನಿಗೆ ಇನ್ನೂ ಬೇಜಾರು. ಅದಕ್ಕೇ ನೋಡೋಣ ಅಂದೆ."

ಇದನ್ನು ಕೇಳಿದ ಮೇಲೆ ನಮ್ಮ ಕಂಪನಿಯ ಮೆಂಟರಿಂಗ್ ಪೋರ್ಟಲ್ ಮೇಲೆ ನನಗೆ ಸಿಟ್ಟು ಬಂತು. ಅದರಲ್ಲಿ ಅವಧಿ ಆರಿಸುವ ಜಾಗದಲ್ಲಿ ಇರುವುದು ಎರಡೇ ಆಯ್ಕೆ. ಆರು ತಿಂಗಳು ಅಥವಾ ಒಂದು ವರ್ಷ. ಏನು ಕಲಿಯಬೇಕು ಅಂತ ಬರೆಯಲು ಜಾಗವೇ ಇಲ್ಲ. ಬಿಡುವಿಲ್ಲದ ಹಿರಿಯರು ಅದರಲ್ಲಿ ಹೆಸರು ಕೊಡುವುದಿಲ್ಲ. ಕೊಟ್ಟವರ ಹತ್ತಿರವೂ ಎರಡನೇ ತಿಂಗಳಿಗೆ ಮಾತು ಖಾಲಿ. ಮ್ಯಾನೇಜ್‌ಮೆಂಟ್‌ಗೆ ಮಾತ್ರ ಎಷ್ಟು ಜೋಡಿ ಆಯಿತು ಎಂಬ ಲೆಕ್ಕ ಸಾಕು.

ನಾನೂ ಆ ಹುಡುಗನೂ ಕೂತು ಕೋರಿಕೆಯನ್ನು ಹೊಸದಾಗಿ ಬರೆದೆವು. ಮೊದಲು ಮಾಡಿದ್ದು ವಿಷಯವನ್ನು ಒಂದಕ್ಕೆ ಇಳಿಸಿದ್ದು. "ಸಿಸ್ಟಮ್ ಡಿಸೈನ್ ಕಲಿಯಬೇಕು" ಎಂದು ಅವನು ಬರೆದಿದ್ದ. ಅದಕ್ಕೆ ಕೊನೆ ಎಲ್ಲಿ? ಅವನ ಕೈಯಲ್ಲಿ ಆಗ ಒಂದು ನಿಜವಾದ ಕೆಲಸ ಇತ್ತು. ಪೇಮೆಂಟ್ಸ್ ಟೇಬಲ್‌ಗೆ ಹೊಸ ಕಾಲಮ್ ಸೇರಿಸಬೇಕು, ಸರ್ವೀಸ್ ಒಂದು ಕ್ಷಣವೂ ನಿಲ್ಲಬಾರದು. ಇಂಥದ್ದನ್ನು ಹಲವು ಸಲ ಮಾಡಿ ಕೈ ಸುಟ್ಟುಕೊಂಡವರು ಆ ಮೇಡಂ. ಅವರನ್ನೇ ಯಾಕೆ ಕೇಳುತ್ತಿದ್ದೇವೆ ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ. ಕೊನೆಗೆ ಅವನು ಕಳಿಸಿದ್ದು ಇದು:

"ನಮಸ್ತೆ ಮೇಡಂ. ಹಿಂದಿನ ರಿವ್ಯೂನಲ್ಲಿ ರೋಲ್‌ಬ್ಯಾಕ್ ಹೇಗೆ ಅಂತ ಕೇಳಿದ್ರಿ, ನನ್ನ ಹತ್ತಿರ ಉತ್ತರ ಇರಲಿಲ್ಲ. ಪೇಮೆಂಟ್ಸ್ ಟೇಬಲ್‌ನ ಸ್ಕೀಮಾ ಮೈಗ್ರೇಶನ್ ಈಗ ನನ್ನ ಕೆಲಸ. ಸರ್ವೀಸ್ ನಿಲ್ಲಿಸದೆ ಅದನ್ನು ಪ್ಲ್ಯಾನ್ ಮಾಡುವುದು ಕಲಿಯಬೇಕು. ಎರಡು ವಾರಕ್ಕೊಮ್ಮೆ 25 ನಿಮಿಷದಂತೆ ಮೂರು ಸಲ ನಿಮ್ಮ ಸಮಯ ಸಿಗಬಹುದಾ? ಪ್ರತಿ ಸಲ ಹಿಂದಿನ ದಿನವೇ ಒಂದು ಪುಟ ಕಳಿಸುತ್ತೇನೆ, ಓದಲು 10 ನಿಮಿಷ ಸಾಕು. ಮೂರನೇ ಸಲಕ್ಕೆ ಇದು ಮುಗಿಯುತ್ತದೆ. ನನ್ನ ಮ್ಯಾನೇಜರ್‌ಗೆ ತಿಳಿಸಿದ್ದೇನೆ. ಈಗ ಆಗದಿದ್ದರೆ, ಮೊದಲ ಪುಟಕ್ಕೆ ಎರಡು ಕಾಮೆಂಟ್ ಹಾಕಿದರೂ ನನಗೆ ದೊಡ್ಡ ಸಹಾಯ."

ಅವತ್ತು ಸಂಜೆಯೇ ಉತ್ತರ ಬಂತು: "ಮಂಗಳವಾರ ಆಗುತ್ತೆ, ಗುರುವಾರ ಬೇಡ."

ಈ ಮೆಸೇಜಿನಲ್ಲಿ ಮೆಂಟರ್ ಅನ್ನುವ ಪದವೇ ಇಲ್ಲ, ಗಮನಿಸಿ. ಅವರು ಮಾಡಿದ್ದು ಮೆಂಟರ್ ಕೆಲಸವೇ. ಆದರೆ ಪಟ್ಟ ಕಟ್ಟಿಸಿಕೊಳ್ಳಿ ಎಂದು ಯಾರೂ ಕೇಳಲಿಲ್ಲ. ಇನ್ನೊಂದು, ಓದುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದಿದ್ದೆವು. ಮೂರು 25 ಅಂದರೆ 75 ನಿಮಿಷ, ಓದಲು 30 ನಿಮಿಷ, ಒಟ್ಟು ಒಂದೂಮುಕ್ಕಾಲು ಗಂಟೆ. ಬರೀ "25 ನಿಮಿಷ" ಎಂದು ಕೇಳಿ, ಹಿಂದಿನ ರಾತ್ರಿ ಹನ್ನೆರಡು ಪುಟದ ಡಾಕ್ಯುಮೆಂಟ್ ಕಳಿಸುವವರನ್ನು ನೋಡಿದ್ದೇನೆ. ಅದು 25 ನಿಮಿಷ ಅಲ್ಲವೇ ಅಲ್ಲ, ಅಲ್ವಾ? ಹಿರಿಯರಿಗೆ ಎರಡನೇ ಸಲ ನಂಬಿಕೆ ಬರುವುದಿಲ್ಲ. ಮ್ಯಾನೇಜರ್ ವಿಷಯವನ್ನೂ ಮೊದಲೇ ಬರೆದಿದ್ದು ಒಳ್ಳೆಯದಾಯಿತು. ಬೇರೆ ಟೀಮಿನ ಹಿರಿಯರಿಗೆ ಇರುವ ಮೊದಲ ಅಳುಕೇ ಅದು. ತಮ್ಮ ಸಲಹೆ ಇನ್ನೊಬ್ಬ ಮ್ಯಾನೇಜರ್‌ನ ನಿರ್ಧಾರಕ್ಕೆ ಅಡ್ಡ ಬಂದರೆ ಅಂತ.

ಒಪ್ಪಿಗೆ ಬಂದ ಮೇಲೆ ಇನ್‌ವೈಟ್ ಕಳಿಸುವುದರಲ್ಲೂ ಒಂದು ಗುಂಡಿ ಇದೆ. ಗೂಗಲ್ ಕ್ಯಾಲೆಂಡರಿನಲ್ಲಿ ಮರುಕಳಿಸುವ ಮೀಟಿಂಗ್ ಹಾಕುವಾಗ Ends ಅನ್ನುವ ಆಯ್ಕೆ ಇರುತ್ತದೆ. ಅದನ್ನು Never ಎಂದೇ ಬಿಟ್ಟರೆ ಮೀಟಿಂಗಿಗೆ ಕೊನೆಯೇ ಇಲ್ಲ. ಬಾಯಲ್ಲಿ ಮೂರು ಸಲ ಅಂದು ಕ್ಯಾಲೆಂಡರಿನಲ್ಲಿ ಜೀವನಪೂರ್ತಿ ಕೂರಿಸಿದಂತೆ. After ಆರಿಸಿ 3 ಎಂದು ಹಾಕಬೇಕು, ಇಲ್ಲವಾದರೆ ಮೂರು ಬೇರೆ ಬೇರೆ ಇನ್‌ವೈಟ್ ಕಳಿಸಬೇಕು. ನಾವು ಮೂರು ಬೇರೆ ಕಳಿಸಿದೆವು. ಒಂದನ್ನು ಮುಂದಕ್ಕೆ ಹಾಕಿದರೆ ಉಳಿದವು ಅಲುಗಾಡುವುದಿಲ್ಲ.

ಎರಡು ವಾರದ ಅಂತರ ಸುಮ್ನೆ ಇಟ್ಟಿದ್ದಲ್ಲ. ನಮ್ಮ ಸ್ಪ್ರಿಂಟ್ ಎರಡು ವಾರದ್ದು. ಒಂದು ಭೇಟಿಯಲ್ಲಿ ಕೇಳಿದ್ದನ್ನು ಮಾಡಿ ನೋಡಿ, ಏನಾಯಿತು ಎಂಬುದನ್ನು ಮುಂದಿನ ಭೇಟಿಗೆ ತರಬಹುದು. ವಾರಕ್ಕೊಮ್ಮೆ ಇಟ್ಟಿದ್ದರೆ "ಇನ್ನೂ ಮಾಡ್ತಾ ಇದ್ದೀನಿ ಮೇಡಂ" ಅನ್ನುವ ಸ್ಟೇಟಸ್ ಮೀಟಿಂಗ್ ಆಗುತ್ತಿತ್ತು.

ಮೊದಲ ಪುಟಕ್ಕೆ ಅವನು ತಂದಿದ್ದು ನಾಲ್ಕು ಪುಟ. ಅರ್ಧ ಸಂಜೆ ಕೂತು ಒಂದಕ್ಕೆ ಇಳಿಸಿದೆವು. ಏನು ಮಾಡುತ್ತಿದ್ದೇನೆ, ಯಾವ ದಾರಿ ಹಿಡಿಯಬೇಕು ಅಂದುಕೊಂಡಿದ್ದೇನೆ, ಯಾಕೆ, ಎಲ್ಲಿ ಅನುಮಾನ ಇದೆ. ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ. "ಏನು ಮಾಡಲಿ?" ಎಂದು ಕೇಳಿದರೆ ಹಿರಿಯರು ಸೊನ್ನೆಯಿಂದ ಯೋಚಿಸಬೇಕು. "ಹೀಗೆ ಮಾಡಬೇಕು ಅಂದುಕೊಂಡಿದ್ದೇನೆ, ಎಲ್ಲಿ ಮುರಿಯುತ್ತೆ?" ಎಂದರೆ ಅವರ ಅನುಭವ ತಕ್ಷಣ ಕೆಲಸಕ್ಕೆ ಬರುತ್ತದೆ.

ಮುರಿಯಿತು ಕೂಡ. ಅವನ ಪ್ಲ್ಯಾನ್ ಸರಳವಾಗಿತ್ತು. ಡಿಫಾಲ್ಟ್ ಇಲ್ಲದ `NOT NULL` ಕಾಲಮ್ ಒಂದನ್ನು ಸೇರಿಸುವುದು, ಅದೇ ಹೊತ್ತಿಗೆ ಹೊಸ ಕೋಡ್ ಡಿಪ್ಲಾಯ್ ಮಾಡುವುದು. ಅವರು ಪುಟ ಓದಿಕೊಂಡೇ ಬಂದಿದ್ದರು. ಕೂತ ಕೂಡಲೇ ಕೇಳಿದರು: "ಡಿಪ್ಲಾಯ್ ಆಗುವಾಗ ಸ್ವಲ್ಪ ಹೊತ್ತು ಹಳೇ ಕೋಡ್, ಹೊಸ ಕೋಡ್ ಎರಡೂ ಓಡುತ್ತಿರುತ್ತೆ. ಹಳೇ ಕೋಡ್‌ಗೆ ಈ ಕಾಲಮ್ ಗೊತ್ತೇ ಇಲ್ಲ. ಆಗ ಬಂದ ಪೇಮೆಂಟ್ ಕಥೆ ಏನು?" ಅವನ ಹತ್ತಿರ ಉತ್ತರ ಇರಲಿಲ್ಲ. ಅವರು ಕಾದರು. ತುಂಬಾ ಹೊತ್ತು ಕಾದರು ಎಂದು ಆಮೇಲೆ ನನಗೆ ಹೇಳಿದ. ಕೊನೆಗೆ ಅವನ ಬಾಯಿಂದಲೇ ಬಂತು, ಇನ್‌ಸರ್ಟ್ ಫೇಲ್ ಆಗುತ್ತೆ ಅಂತ. ಉಳಿದ ಹೊತ್ತಿನಲ್ಲಿ ಕ್ರಮ ತಿದ್ದಿದರು. ಮೊದಲು ಖಾಲಿ ಬಿಡಬಹುದಾದ ಕಾಲಮ್ ಸೇರಿಸು. ಆಮೇಲೆ ಅದಕ್ಕೆ ಬರೆಯುವ ಕೋಡ್ ಪೂರ್ತಿ ಎಲ್ಲ ಕಡೆ ಹೋಗಲಿ. ನಂತರ ಹಳೇ ಸಾಲುಗಳನ್ನು ಸಣ್ಣ ಸಣ್ಣ ಬ್ಯಾಚಿನಲ್ಲಿ ತುಂಬು. ಖಾಲಿ ಉಳಿದದ್ದು ಒಂದೂ ಇಲ್ಲ ಅಂತ ಎಣಿಸಿ ನೋಡಿದ ಮೇಲೆ ಮಾತ್ರ `NOT NULL` ನಿರ್ಬಂಧ ಹಾಕು. ಪ್ರತಿ ಹಂತದಲ್ಲೂ ಹಿಂದಕ್ಕೆ ಬರಲು ದಾರಿ ಇರಬೇಕು.

ಎರಡನೇ ಭೇಟಿಯ ಪ್ರಶ್ನೆ ಹಳೇ ಸಾಲುಗಳನ್ನು ತುಂಬುವ ಬ್ಯಾಕ್‌ಫಿಲ್ ಬಗ್ಗೆ. ರೆಪ್ಲಿಕಾ ಹಿಂದೆ ಬೀಳಲು ಶುರುವಾದರೆ ಯಾವಾಗ ನಿಲ್ಲಿಸಬೇಕು ಅಂತ. ಅದು ಹದಿನೈದು ನಿಮಿಷಕ್ಕೇ ಮುಗಿಯಿತು. ಉಳಿದ ಹತ್ತು ನಿಮಿಷ ಅವರಿಗೆ ವಾಪಸ್ ಕೊಟ್ಟು ಎದ್ದು ಬಾ ಅಂತ ಮೊದಲೇ ಹೇಳಿದ್ದೆ, ಹಾಗೇ ಮಾಡಿದ.

ಆದರೆ ಈ ಎರಡು ಭೇಟಿಗಳ ನಡುವೆ ಸೋರಿಕೆ ಶುರುವಾಗಿತ್ತು. ದಿನಾ ಚಾಟಿನಲ್ಲಿ "ಮೇಡಂ, ಒಂದು ಚಿಕ್ಕ ಡೌಟ್". ಅವರು ಪಾಪ ಉತ್ತರಿಸುತ್ತಿದ್ದರು. ಮೊದಲು ತಕ್ಷಣ, ಆಮೇಲೆ ಮಧ್ಯಾಹ್ನ, ಆಮೇಲೆ ಮರುದಿನ. ಉತ್ತರಗಳೂ ಚಿಕ್ಕದಾಗುತ್ತಾ ಬಂದವು. ಸೋರಿಕೆ ಗೊತ್ತಾಗುವುದು ಹೀಗೇ. ಯಾರೂ ದೂರು ಹೇಳುವುದಿಲ್ಲ, ಉತ್ತರ ತಡವಾಗುತ್ತದೆ ಅಷ್ಟೇ. ಅವನನ್ನು ಕೂರಿಸಿಕೊಂಡು ಹೇಳಿದೆ: "ನೀನು ಕೇಳಿದ್ದು ಮೂರು ಭೇಟಿ. ಡೌಟ್‌ಗಳನ್ನೆಲ್ಲ ಒಂದು ಕಡೆ ಬರೆದಿಡು. ಪ್ರೊಡಕ್ಷನ್ ಬೀಳುವ ಹಾಗಿದ್ದರೆ ಎಲ್ಲರ ಹಾಗೆ ಆನ್‌ಕಾಲ್ ಚಾನೆಲ್‌ಗೆ ಹೋಗು." ಬರೆದಿಟ್ಟದ್ದರಲ್ಲಿ ಹೆಚ್ಚಿನವಕ್ಕೆ ಮುಂದಿನ ಭೇಟಿಯೊಳಗೆ ಅವನೇ ಉತ್ತರ ಹುಡುಕಿಕೊಂಡಿದ್ದ.

1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಸುರಕ್ಷಿತ ಚಾಲನೆಯ ಪುಟ್ಟ ಫಲಕ ಹಾಕಿಕೊಳ್ಳಲು ಮೊದಲು ಒಪ್ಪಿದವರಲ್ಲಿ, ಆಮೇಲೆ ಮನೆ ಮುಂದೆ ದೊಡ್ಡ ಬೋರ್ಡ್ ನಿಲ್ಲಿಸಲು ಒಪ್ಪಿದವರು, ನೇರವಾಗಿ ದೊಡ್ಡದನ್ನೇ ಕೇಳಿದಾಗ ಒಪ್ಪಿದವರಿಗಿಂತ ತುಂಬಾ ಜಾಸ್ತಿ. ನಮ್ಮ ಟ್ರೇನಿಂಗ್‌ಗಳಲ್ಲಿ ಇದನ್ನು ಹೇಳಿ, "ಸಣ್ಣದು ಕೇಳಿ, ಆಮೇಲೆ ದೊಡ್ಡದು ಮಾಡಿಕೊಳ್ಳಿ" ಎಂದು ಕಲಿಸುವವರಿದ್ದಾರೆ. ಮೆಂಟರ್ ವಿಷಯದಲ್ಲಿ ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. ಅಪರಿಚಿತರ ಬಾಗಿಲು ತಟ್ಟಿ ಹೋಗುವವರಿಗೆ ಅದು ಸರಿ ಇರಬಹುದು. ಅದೇ ಆಫೀಸಿನಲ್ಲಿ ವರ್ಷಗಟ್ಟಲೆ ಮುಖ ನೋಡಬೇಕಾದವರ ಹತ್ತಿರ ಮೂರು ಅಂದರೆ ಮೂರೇ.

ಹಾಗಾಗಿ ಮೂರನೇ ಭೇಟಿ ಕೊನೆಯಾಗುವಾಗ ಅವನು "ಮುಂದುವರಿಸೋಣವಾ ಮೇಡಂ?" ಎಂದು ಕೇಳಲಿಲ್ಲ. ಎದುರಿಗೆ ಕೂತಾಗ ಹಾಗೆ ಕೇಳಿದರೆ ಅವರಿಗೆ ಇಲ್ಲ ಅನ್ನಲು ಕಷ್ಟ, ಮತ್ತದೇ "ನೋಡೋಣ". ಬದಲಿಗೆ, ಮೈಗ್ರೇಶನ್ ಪೂರ್ತಿ ಮುಗಿದ ವಾರ ಒಂದು ಮೆಸೇಜ್ ಕಳಿಸಿದ. ನೀವು ಹೇಳಿದ ಕ್ರಮದಲ್ಲೇ ಮಾಡಿದೆ, ಬ್ಯಾಕ್‌ಫಿಲ್ ಒಂದು ಸಲ ನಿಲ್ಲಿಸಬೇಕಾಯಿತು, ಒಂದು ಪೇಮೆಂಟೂ ಫೇಲ್ ಆಗಲಿಲ್ಲ ಅಂತ. ಅದರಲ್ಲಿ ಹೊಸ ಕೋರಿಕೆ ಇರಲಿಲ್ಲ. ಇನ್ನೊಂದು ವಿಷಯ ಕಲಿಯಬೇಕು ಅನ್ನಿಸಿದಾಗ, ಕೆಲವು ತಿಂಗಳು ಬಿಟ್ಟು, ಹೊಸ ವಿಷಯ, ಹೊಸ ಲೆಕ್ಕ, ಹೊಸ ಕೊನೆ ಹಾಕಿ ಮತ್ತೆ ಕೇಳಿದ. ಆ ಸಲ ಅವರು ಎರಡೇ ಭೇಟಿ ಅಂದರು. ಅವನು ಎರಡಕ್ಕೇ ಒಪ್ಪಿದ.

ಯಾವಾಗ ಕೇಳಬೇಕು ಅನ್ನುವುದೂ ಇದೆ. ರಿಲೀಸ್ ವಾರದಲ್ಲಿ ಬೇಡ, ಅದು ಎಲ್ಲರಿಗೂ ಗೊತ್ತು. ಅಪ್ರೈಸಲ್ ಹೊತ್ತಿನಲ್ಲಿ ಅಂತೂ ಬೇಡವೇ ಬೇಡ. ಆಗ ಎಷ್ಟು ಚೊಕ್ಕವಾಗಿ ಬರೆದರೂ, ನನ್ನ ಪರವಾಗಿ ಒಂದು ಮಾತು ಹೇಳಿ ಅಂತಲೇ ಕೇಳಿಸುತ್ತದೆ. ಪ್ರಮೋಷನ್‌ಗೆ ಬೆಂಬಲ ಬೇಕಿದ್ದರೆ ಅದನ್ನು ಬೇರೆಯಾಗಿ, ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದವರ ಹತ್ತಿರ, ನೇರವಾಗಿಯೇ ಕೇಳಿ.

ಎಲ್ಲವೂ ಈ ಅಳತೆಗೆ ಬರುವುದಿಲ್ಲ. ಈ ಕೆಲಸ ಬಿಡಬೇಕಾ, ಮ್ಯಾನೇಜರ್ ಆಗಬೇಕಾ ಅಥವಾ ಇಂಜಿನಿಯರ್ ಆಗಿಯೇ ಇರಬೇಕಾ ಎಂಬ ಪ್ರಶ್ನೆಗಳಿಗೆ ಒಂದು ಪುಟ, 25 ನಿಮಿಷ ಸಾಲುವುದಿಲ್ಲ. ಅದಕ್ಕೆ ನಿಮ್ಮನ್ನು ಮೊದಲಿನಿಂದ ಬಲ್ಲವರೇ ಬೇಕು. ಪರಿಚಯವೇ ಇಲ್ಲದ ಹಿರಿಯರ ಹತ್ತಿರ ಮೊದಲ ಸಲ ಹೋಗುವಾಗ, ನಿಮ್ಮ ಕೈಯಲ್ಲಿ ಈ ತಿಂಗಳು ಯಾವ ಕೆಲಸ ಇದೆ, ಅದರಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದೀರಿ ಎಂಬಲ್ಲಿಂದ ಶುರು ಮಾಡಿ.