ರಬ್ಬರ್ ಬಿರಡೆ, ದನದ ಸೂಜಿ ಮತ್ತು ಹಿಡಿಸೂಡಿ ಕಡ್ಡಿ

ಕಾಸರಗೋಡಿನ ಒಳನಾಡಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ವಿಜ್ಞಾನ ಮಾಷ್ಟ್ರು. ಆ ದಿನ ಒಂಬತ್ತನೇ ಕ್ಲಾಸಿಗೆ ಒಂದು ಹಳೆಯ ಪ್ರಯೋಗ ತೋರಿಸಿದ್ದೆ. ಗುಂಡು ಫ್ಲಾಸ್ಕಿನಲ್ಲಿ ನೀರು ಕುದಿಸಬೇಕು, ಬೆಂಕಿ ತೆಗೆದು ಒಂದು ಕ್ಷಣ ಬಿಟ್ಟು ರಬ್ಬರ್ ಬಿರಡೆ ಬಿಗಿಯಬೇಕು. ಆಮೇಲೆ ಕವುಚಿ ಹಿಡಿದು ಮೇಲಿನಿಂದ ತಣ್ಣೀರು ಸುರಿದರೆ ಒಳಗಿನ ನೀರು ಮತ್ತೆ ಕುದಿಯುತ್ತದೆ. ಮಕ್ಕಳು ಬೊಬ್ಬೆ ಹಾಕಿದರು. ನಾನೂ ಖುಷಿಯಲ್ಲಿ ಫ್ಲಾಸ್ಕನ್ನು ಹಾಗೆಯೇ ಕಪಾಟಿನಲ್ಲಿಟ್ಟು ಮನೆಗೆ ಹೋದೆ.

ಮರುದಿನ ಬಿರಡೆ ಬರಲಿಲ್ಲ. ಎಳೆದೆ, ತಿರುಗಿಸಿದೆ, ಜಪ್ಪಯ್ಯ ಅಂದರೂ ಇಲ್ಲ. ಗಾಜಿನ ಬಿರಡೆ ಸಿಕ್ಕಿಕೊಂಡರೆ ಕೊರಳಿಗೆ ಬಿಸಿ ಕೊಡುತ್ತೇವಲ್ಲ, ಅದನ್ನೇ ಇಲ್ಲೂ ಮಾಡಿದೆ. ಬಿಸಿನೀರಿನ ಬಟ್ಟೆ ಸುತ್ತಿ ಹತ್ತು ನಿಮಿಷ ಇಟ್ಟೆ. ಬಿರಡೆ ಇನ್ನೂ ಬಿಗಿಯಾಯಿತು. ಆಮೇಲೆ ಹೊಳೆಯಿತು: ಬಿಸಿಗೆ ರಬ್ಬರ್ ಹಿಗ್ಗುವುದು ಗಾಜಿಗಿಂತ ಎಷ್ಟೋ ಪಟ್ಟು ಜಾಸ್ತಿ. ಕೊರಳು ಕೂದಲೆಳೆಯಷ್ಟೂ ಅಗಲವಾಗುವುದಿಲ್ಲ, ಒಳಗಿನ ರಬ್ಬರ್ ಮಾತ್ರ ಉಬ್ಬಿ ಕೂರುತ್ತದೆ. ರಬ್ಬರಿಗೆ ಬೇಕಾದದ್ದು ತಂಪು, ಬಿಸಿ ಅಲ್ಲ.

ಸಿಟ್ಟಿನಲ್ಲಿ ಸ್ಕ್ರೂಡ್ರೈವರ್ ಎತ್ತಿಕೊಂಡೆ. ಅಷ್ಟರಲ್ಲಿ ನಮ್ಮ ಲ್ಯಾಬ್ ಅಣ್ಣ ಒಳಗೆ ಬಂದರು.

“ಎಂತ ಮಾಡ್ತಾ ಇದ್ದೀರಿ ಮಾಷ್ಟ್ರೇ? ಅದನ್ನು ಕೆಳಗಿಡಿ ಮೊದಲು.”

ತಮ್ಮ ಅಂಗೈ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ಉದ್ದದ ಗಾಯದ ಗುರುತು. ಒಂದು ಕೈಯಲ್ಲಿ ಫ್ಲಾಸ್ಕಿನ ಹೊಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಬಿರಡೆ ಓರೆ ಮಾಡಿ ಕಿತ್ತದ್ದಂತೆ. ಕೈಗಳು ದೂರ ಇದ್ದಷ್ಟೂ ಕೊರಳಿನ ಮೇಲೆ ಸನ್ನೆಕೋಲಿನ ಬಲ ಬೀಳುತ್ತದೆ. ಗಾಜು ಒತ್ತಡ ತಡೆಯುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಅಂಚಿನಲ್ಲಿ ಸ್ಕ್ರೂಡ್ರೈವರ್ ಒಂದು ಗೀರು ಹಾಕಿದರೆ ಸಾಕು, ಅಲ್ಲಿಂದಲೇ ಸೀಳುತ್ತದೆ.

ಅವರು ಫ್ಲಾಸ್ಕನ್ನು ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಕುಲುಕಿದರು. ಒಳಗಿನ ನೀರು ‘ಟಕ್, ಟಕ್’ ಎಂದು ಕಲ್ಲು ಬಡಿದ ಹಾಗೆ ಸದ್ದು ಮಾಡಿತು.

“ಕೇಳಿತಾ? ಒಳಗೆ ಗಾಳಿ ಇಲ್ಲ.”

ಗಾಳಿ ಇದ್ದರೆ ನೀರು ಮೆತ್ತಗೆ ‘ಗುಳುಗುಳು’ ಅನ್ನುತ್ತದೆ. ಇಲ್ಲಿ ಕುದಿಯುವಾಗಲೇ ಆವಿ ಗಾಳಿಯನ್ನು ಹೊರಗೆ ತಳ್ಳಿತ್ತು. ತಣಿದಾಗ ಆ ಆವಿಯೂ ನೀರಾಯಿತು. ಆಮೇಲೆ ಲೆಕ್ಕ ಹಾಕಿದೆ. ಕೊರಳಿನ ಒಳಗಲ 25 ಮಿ.ಮೀ. ಅಂದರೆ ಸುಮಾರು 4.9 ಚದರ ಸೆಂ.ಮೀ. ಜಾಗ. ಹೊರಗಿನ ಗಾಳಿ ಪ್ರತಿ ಚದರ ಸೆಂ.ಮೀ.ಗೆ ಹೆಚ್ಚುಕಡಿಮೆ 1 ಕೆಜಿ ಒತ್ತುತ್ತದೆ, ಒಳಗಿನಿಂದ ಎದುರು ಒತ್ತಲು ಸ್ವಲ್ಪ ಆವಿ ಬಿಟ್ಟರೆ ಏನಿಲ್ಲ. ಹತ್ತಿರ ಹತ್ತಿರ 5 ಕೆಜಿ ಅಕ್ಕಿ ಬಿರಡೆಯ ಮೇಲೆ ಕೂತ ಹಾಗೆ. ಅದರ ಮೇಲೆ ರಬ್ಬರಿನ ಹಿಡಿತ ಬೇರೆ.

ಇಡೀ ಫ್ಲಾಸ್ಕನ್ನು ಮತ್ತೆ ಕಾಯಿಸಿದರೆ ಆವಿಯ ಒತ್ತಡ ಏರಿ ಈ ಭಾರ ಇಳಿಯುತ್ತದೆ, ನಿಜ. ಆದರೆ ಮುಚ್ಚಿದ ಪಾತ್ರೆಯನ್ನು ಬೆಂಕಿಗಿಡುವ ಧೈರ್ಯ ನನಗಂತೂ ಇಲ್ಲ.

ಅಣ್ಣನ ಮನೆಯಲ್ಲಿ ದನ ಇದೆ. ಮಧ್ಯಾಹ್ನ ಊಟಕ್ಕೆ ಹೋದವರು ದನಕ್ಕೆ ಚುಚ್ಚುವ ದಪ್ಪ ಸೂಜಿ ತಂದರು, ಹೊಸದು, ಕವರ್ ಒಡೆಯದ್ದು. ಬಿರಡೆಯ ದಪ್ಪಕ್ಕಿಂತ ಸೂಜಿ ಉದ್ದ ಇರಬೇಕು, ಇಲ್ಲದಿದ್ದರೆ ಸುಮ್ನೆ ಚುಚ್ಚಿದ್ದಷ್ಟೇ. ತುದಿಗೆ ಗ್ಲಿಸರಿನ್ ಸವರಿ, ನಡುವಿನಲ್ಲಿ ನೇರವಾಗಿ, ಸ್ವಲ್ಪ ಸ್ವಲ್ಪವೇ ಒತ್ತಿದರು. ಓರೆಯಾದರೆ ಸೂಜಿ ಬಾಗಿ ಗಾಜಿಗೆ ತಾಗುತ್ತದೆ. ಮೊದಲ ಸಲ ಏನೂ ಆಗಲಿಲ್ಲ. ಹೊರಗೆ ತೆಗೆದು ನೋಡಿದರೆ ಸೂಜಿಯ ಬಾಯಿಯಲ್ಲಿ ರಬ್ಬರಿನ ಚೂರು ಕೂತಿತ್ತು. ಅದನ್ನು ತೆಗೆದು ಅದೇ ತೂತಿನಲ್ಲಿ ಮತ್ತೆ ಇಳಿಸಿದರು.

‘ಸ್ಸ್ಸ್’ ಎಂದು ಸದ್ದು ಬಂತು. ಅದು ನಿಂತ ಮೇಲೆ ಕುಲುಕಿದರೆ ‘ಟಕ್’ ಇಲ್ಲ.

ಆದರೂ ಬಿರಡೆ ಅಲುಗಲಿಲ್ಲ. ಭಾರ ಹೋಯಿತು, ಅಂಟು ಉಳಿಯಿತು. ಅಣ್ಣ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದರು. ಗ್ಲಿಸರಿನ್‌ನಲ್ಲಿ ಅದ್ದಿ ರಬ್ಬರಿಗೂ ಗಾಜಿಗೂ ನಡುವೆ ಮೆಲ್ಲಗೆ ತೂರಿಸಿ ಸುತ್ತಲೂ ತಂದರು. ತೆಂಗಿನ ಕಡ್ಡಿ ಗಾಜಿಗೆ ಗೀರು ಹಾಕುವುದಿಲ್ಲ, ಸ್ಕ್ರೂಡ್ರೈವರಿನ ಗಟ್ಟಿ ಉಕ್ಕು ಹಾಕುತ್ತದೆ. ಕಾಲು ಗಂಟೆ ಬಿಟ್ಟೆವು. ಕೊರಳಿಗೆ ಬಟ್ಟೆ ಸುತ್ತಿ, ಬಿರಡೆಗೆ ಅಂಟಿಕೊಂಡ ಹಾಗೆ ಕೊರಳನ್ನೇ ಹಿಡಿದು, ಎಳೆಯದೆ ಬರೀ ತಿರುಗಿಸಿದರು. ಮೂರನೇ ಸಲಕ್ಕೆ ಬಿರಡೆ ಸುತ್ತಿತು. ಆಮೇಲೆ ತಿರುಗಿಸುತ್ತಲೇ ಮೇಲೆ ಬಂತು.

ಒಳಗಿರುವುದು ಬರೀ ನೀರು ಎಂದು ಗೊತ್ತಿದ್ದ ಕಾರಣ ಸೂಜಿ ಚುಚ್ಚಿದ್ದು ಎಂದು ಅಣ್ಣ ಎರಡು ಸಲ ಹೇಳಿದರು. ಲೇಬಲ್ ಇಲ್ಲದ ಬಾಟಲಿಯಾದರೆ ಅವರು ಮುಟ್ಟುವುದೇ ಇಲ್ಲವಂತೆ.

ಈಗ ಆ ಪ್ರಯೋಗಕ್ಕೆ ತೂತಿರುವ ಬಿರಡೆ ಇಟ್ಟಿದ್ದೇನೆ. ತೂತಿನಲ್ಲಿ ಗಾಜಿನ ಕೊಳವೆ, ಅದಕ್ಕೆ ದಪ್ಪ ರಬ್ಬರ್ ಟ್ಯೂಬ್, ಟ್ಯೂಬಿಗೆ ಕ್ಲಿಪ್. ಕ್ಲಾಸ್ ಮುಗಿದ ಕೂಡಲೇ ಒಬ್ಬ ಹುಡುಗ ಬಂದು ಕ್ಲಿಪ್ ಸಡಿಲಿಸುತ್ತಾನೆ. ಆ ‘ಸ್ಸ್ಸ್’ ಕೇಳಲು ಉಳಿದವರು ಬೆಂಚಿನ ಮೇಲೆ ಹತ್ತುತ್ತಾರೆ.