ಮೈನಸ್ ಸರ್

ರಾಯಚೂರಿನಲ್ಲಿ ನನಗೆ ವಿಸಿಟಿಂಗ್ ಕಾರ್ಡ್ ಬೇಕಾಗಿರಲಿಲ್ಲ. ತೀನ್ ಕಂದೀಲ್ ಹತ್ತಿರ ನಿಂತು "ಎಸ್ಸೆಸ್ಸೆಲ್ಸಿ ಗಣಿತದ ಸರ್ ಮನಿ ಎಲ್ಲೈತ್ರಿ" ಅಂದರೆ ಯಾರಾದರೂ ದಾರಿ ತೋರಿಸುತ್ತಿದ್ದರು. ಸಂಜೆ ಮನೆ ಮುಂದೆ ಸಾಲಾಗಿ ನಿಲ್ಲುವ ಸೈಕಲ್‌ಗಳೇ ಜಾಹೀರಾತು. ಅಕ್ಕ ಪಾಸಾದರೆ ಎರಡು ವರ್ಷ ಬಿಟ್ಟು ತಮ್ಮ ಬರುತ್ತಿದ್ದ.

ನನ್ನ ಒಬ್ಬ ವಿದ್ಯಾರ್ಥಿನಿಯ ತಂದೆಗೆ ಬೆಂಗಳೂರಿಗೆ ವರ್ಗವಾಯಿತು. ಹುಡುಗಿ ಫೋನಿನಲ್ಲೇ ಪಾಠ ಮುಂದುವರಿಸಿದಳು. ಅವಳ ತಾಯಿ ಪಕ್ಕದ ಮನೆಯವರಿಗೆ ನನ್ನ ನಂಬರ್ ಕೊಟ್ಟಿದ್ದರು. ಒಂದು ಭಾನುವಾರ ಆ ಮನೆಯವರ ಫೋನ್ ಬಂತು.

"ನಿಮ್ಮ ಹೆಸರು ಹಾಕಿ ಹುಡುಕಿದೆ ಸರ್, ಏನೂ ಸಿಗಲಿಲ್ಲ. ನಮ್ಮ ಬೀದಿಯಲ್ಲೇ ಮೂರು ಟ್ಯೂಷನ್ ಇವೆ. ನಿಮ್ಮ ಹತ್ರಾನೇ ಯಾಕೆ ಸೇರಿಸಬೇಕು ಹೇಳಿ?"

ಕೇಳಿದ ರೀತಿ ಒರಟು, ಪ್ರಶ್ನೆ ಮಾತ್ರ ಸರಿಯಾದದ್ದೇ. ಇಷ್ಟು ವರ್ಷದ ಅನುಭವ, ಇಷ್ಟು ರಿಸಲ್ಟ್ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ದೂರದಲ್ಲಿ ಕೂತವರು ಅದನ್ನು ಪರೀಕ್ಷಿಸುವುದಾದರೂ ಹೇಗೆ? ಫ್ರೀ ಡೆಮೊ ಕ್ಲಾಸ್ ಮೇಲೂ ನನಗೆ ಅಷ್ಟು ನಂಬಿಕೆಯಿಲ್ಲ. ಮೇಷ್ಟ್ರು ತಮಗೆ ಚೆನ್ನಾಗಿ ಬರುವ ಪಾಠವನ್ನೇ ಆರಿಸಿಕೊಳ್ಳುತ್ತಾರೆ, ಹುಡುಗ ಸುಮ್ನೆ ತಲೆಯಾಡಿಸುತ್ತಾನೆ, ಅಲ್ವಾ?

"ಐದು ಲೆಕ್ಕ ಕಳಿಸ್ತೀನಿ ಸರ್. ಮಗ ಒಬ್ಬನೇ ಕೂತು ಮಾಡಲಿ. ರಬ್ಬರ್ ಮುಟ್ಟಬಾರದು, ತಪ್ಪಾದರೆ ಮೇಲೊಂದು ಗೆರೆ ಎಳೆದು ಮುಂದೆ ಹೋಗಲಿ. ಆ ಹಾಳೆಗಳ ಫೋಟೋ ಕಳಿಸಿ" ಅಂದೆ.

ಮಧ್ಯಾಹ್ನ ಫೋಟೋ ಬಂದವು. ಮೂರನೇ ಲೆಕ್ಕ ಹೀಗಿತ್ತು:

2x² − 5x + 3 = 0

ಮಧ್ಯದ ಪದವನ್ನು ಹುಡುಗ ಸರಿಯಾಗಿಯೇ ಒಡೆದಿದ್ದ: 2x² − 2x − 3x + 3. ಮುಂದಿನ ಸಾಲಿನಲ್ಲಿ 2x(x − 1) − 3(x + 1) ಅಂತ ಬರೆದಿದ್ದ. ಎರಡು ಆವರಣ ಹೊಂದಲಿಲ್ಲ. ಅದಕ್ಕೇ ಆ ಸಾಲು ಹೊಡೆದುಹಾಕಿ, ಬೇರೆ ಅಂಕಿಗಳಲ್ಲಿ ಒಡೆಯಲು ಹೋಗಿ ಸಿಕ್ಕಿಬಿದ್ದಿದ್ದ. ಮೊದಲ ಲೆಕ್ಕದಲ್ಲೂ ಆವರಣದ ಹೊರಗೆ ಮೈನಸ್ ತೆಗೆಯುವಾಗಲೇ ಎಡವಿದ್ದ. ರಬ್ಬರ್ ಬಳಸಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ.

ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಿದೆ. ಜೊತೆಗೆ ತಂದೆಗೆ ಒಂದು ವಾಯ್ಸ್ ಮೆಸೇಜ್: "ಇವನಿಗೆ ವರ್ಗ ಸಮೀಕರಣ ಬರುತ್ತೆ ಸರ್. ಮೈನಸ್ ಹೊರಗೆ ತೆಗೆದಾಗ ಒಳಗಿನ ಚಿಹ್ನೆ ಬದಲಾಗಬೇಕು ಅನ್ನೋದು ಕೈಗೆ ಹತ್ತಿಲ್ಲ. −3(x − 1) ಬಿಡಿಸಿದರೆ −3x + 3 ವಾಪಸ್ ಬರಬೇಕು. ಪ್ರತಿ ಸಲ ಹಾಗೆ ಬಿಡಿಸಿ ನೋಡೋ ಅಭ್ಯಾಸ ಮಾಡಿಸಿ. ಉತ್ತರ 1 ಮತ್ತು 3/2."

ಸಂಜೆ ಫೋನ್ ಮಾಡಿದ ದನಿಯೇ ಬೇರೆ. "ಹೋದ ವರ್ಷದಿಂದ ಮ್ಯಾಥ್ಸ್ ವೀಕ್ ಅಂತಷ್ಟೇ ಕೇಳಿದ್ದೆ ಸರ್, ಎಲ್ಲಿ ವೀಕ್ ಅಂತ ಯಾರೂ ಹೇಳಿರಲಿಲ್ಲ." ಅವರ ಒಪ್ಪಿಗೆ ಪಡೆದು, ಹುಡುಗನ ಹೆಸರು, ಶಾಲೆ ಕಾಣದ ಹಾಗೆ ಆ ಹಾಳೆಯ ಒಂದು ಪ್ರತಿ ಇಟ್ಟುಕೊಂಡೆ. ಫ್ಲೆಕ್ಸ್ ಮೇಲೆ ಟಾಪರ್ ಮಕ್ಕಳ ಮುಖ ಹಾಕುವುದು ನಮ್ಮ ಕಡೆ ರೂಢಿ. ಪರ ಊರಿನವರಿಗೆ ಆ ಮುಖಗಳ ಪರಿಚಯವೇ ಇಲ್ಲ. ತಿದ್ದಿದ ಹಾಳೆ ಮಾತ್ರ ಯಾರಿಗಾದರೂ ಅರ್ಥವಾಗುತ್ತೆ.

ಅಂದು ರಾತ್ರಿ ವಾಟ್ಸಾಪ್ ಬಿಸಿನೆಸ್ ಪ್ರೊಫೈಲ್ ತೆರೆದು ಕೂತೆ. ಬೋರ್ಡಿನ ಫೋಟೋ ಅಳಿಸಿ ನನ್ನ ಫೋಟೋ ಹಾಕಿದೆ, ಟ್ಯುಟೋರಿಯಲ್ಸ್ ಹೆಸರಿನ ಜಾಗಕ್ಕೆ ನನ್ನ ಹೆಸರು. "8ರಿಂದ 12, ಎಲ್ಲ ವಿಷಯ" ಅನ್ನುವ ಸಾಲು ಊರಿನಲ್ಲಿ ನಡೆಯುತ್ತೆ, ಯಾಕೆಂದರೆ ಇಲ್ಲಿ ಮನುಷ್ಯನ ಗುರುತು ಮೊದಲೇ ಇರುತ್ತೆ. ಹೊರಗಿನವರಿಗೆ ಅದು ನೂರರ ಜೊತೆ ನೂರಾ ಒಂದನೇ ಜಾಹೀರಾತು. ಅದನ್ನು ಅಳಿಸಿ ಬರೆದೆ: "ಹತ್ತನೇ ತರಗತಿ ಗಣಿತ. ನಿಮ್ಮ ಮಗು ಎಲ್ಲಿ ತಪ್ಪುತ್ತದೆ ಅಂತ ಮೊದಲು ಹುಡುಕಿ, ಆಮೇಲೆ ಪಾಠ." ರಾಜ್ಯದ ಹತ್ತನೇ ತರಗತಿ ಗಣಿತಕ್ಕೂ ಎನ್‌ಸಿಇಆರ್‌ಟಿ ಪುಸ್ತಕವೇ ಇರುವುದರಿಂದ ಸಿಬಿಎಸ್‌ಇ ಮಕ್ಕಳಿಗೂ ಇದೇ ಸಾಲು ಸಾಕು.

ವಾರಕ್ಕೊಂದು ತಪ್ಪು ಆರಿಸಿ ಎರಡು ನಿಮಿಷದ ವಿಡಿಯೊ ಮಾಡಲು ಶುರುಮಾಡಿದೆ. ಫೋನನ್ನು ಸ್ಟ್ಯಾಂಡಿಗೆ ಕಟ್ಟಿ ಹಾಳೆ ಕಡೆ ತಿರುಗಿಸಿದರೆ ಆಯಿತು, ಮುಖಕ್ಕಿಂತ ಬರೆಯುವ ಕೈ ಕಾಣಬೇಕು. ಮೊದಲು ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಕಳಿಸಿದರೆ ಹೊಸಬರಿಗೆ ತಲುಪುತ್ತಲೇ ಇರಲಿಲ್ಲ. ಅವರು ನನ್ನ ನಂಬರ್ ಸೇವ್ ಮಾಡಿಕೊಂಡಿದ್ದರೆ ಮಾತ್ರ ಅದು ಹೋಗುತ್ತೆ. ಹಾಗಾಗಿ ಲೆಕ್ಕ ಕಳಿಸುವ ಮೊದಲು "ನಂಬರ್ ಸೇವ್ ಮಾಡಿ" ಅನ್ನುತ್ತೇನೆ. ಗ್ರೂಪ್ ಮಾಡಲಿಲ್ಲ, ಎಲ್ಲ ಪೋಷಕರ ನಂಬರ್ ಎಲ್ಲರಿಗೂ ಕಾಣುತ್ತೆ. ಇನ್ನು ಕರೆಂಟಿನದು ಬೇರೆ ಕಥೆ. ಶಕ್ತಿನಗರದಲ್ಲಿ ಊರೂರಿಗೆ ವಿದ್ಯುತ್ ಹುಟ್ಟಿಸುವ ಜಿಲ್ಲೆ ನಮ್ಮದು, ನಾನು ಕ್ಲಾಸಿಗೆ ಇನ್ವರ್ಟರ್ ಇಟ್ಟುಕೊಂಡಿದ್ದೇನೆ.

ಈಗ ತುಮಕೂರಿನಿಂದ, ಪುಣೆಯ ಕನ್ನಡದವರಿಂದ ಫೋನ್ ಬರುತ್ತೆ. "ಆ ಮೈನಸ್ ಸರ್ ನೀವೇನಾ?" ಅಂತ ಒಬ್ಬ ತಾಯಿ ಕೇಳಿದರು. ಇನ್ನೊಬ್ಬರು ಮಗಳಿಗೆ ನೀಟ್ ಫಿಸಿಕ್ಸ್ ಹೇಳಿಕೊಡಿ, ಫೀಸ್ ಎಷ್ಟಾದರೂ ಸರಿ ಅಂದರು. ನನಗೆ ಅದು ಬರಲ್ಲ ಅಂತೇನಿಲ್ಲ. ಆದರೆ ಒಂದಕ್ಕೆ ಹೂಂ ಅಂದರೆ ಪ್ರೊಫೈಲಿನ ಆ ಸಾಲು ಮತ್ತೆ ಉದ್ದವಾಗುತ್ತೆ. ಗೆಳೆಯನ ನಂಬರ್ ಕೊಟ್ಟು ಫೋನ್ ಇಟ್ಟೆ.

ಅಡುಗೆಮನೆಯಿಂದ ಹೆಂಡತಿ ಕೇಳಿಸಿಕೊಂಡಿದ್ದಳು. "ಏನ್ರಿ, ಬಂದ ಲಕ್ಷ್ಮಿನ ಮಂದಿ ಮನಿಗೆ ಕಳಸ್ತೀರಲ್ಲ?"