ನಡುವಿನ 360, ಇಡೀ ಬಿಲ್ಲೆಯ 225

ಹೊಸೂರಲ್ಲಿ ನಮ್ಮದೊಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಘಟಕ. 100 ಮಿಲಿಮೀಟರ್ ವ್ಯಾಸ, 10 ಮಿಲಿಮೀಟರ್ ದಪ್ಪದ ಉಕ್ಕಿನ ಬಿಲ್ಲೆಗಳು 350 ಡಿಗ್ರಿಯಲ್ಲಿ ಫರ್ನೇಸಿಂದ ಹೊರಬರುತ್ತವೆ, 60ಕ್ಕೆ ಇಳಿದ ಮೇಲೆ ಅಳತೆಗೆ ಹೋಗಬೇಕು. ಸುಮ್ಮನೆ ಇಟ್ಟರೆ ಮುಕ್ಕಾಲು ಗಂಟೆ ಹತ್ತಿರ ಬೇಕು. ಹಾಗಾಗಿ ಬ್ಲೋವರಿಗೆ 20 ಮಿಲಿಮೀಟರ್ ನಾಝಲ್ ಹಾಕಿ, ಮೇಲಿಂದ ಬಿಲ್ಲೆಯ ನಡುವಿಗೆ ನೇರವಾಗಿ ಗಾಳಿ ಬಡಿಯುವಂತೆ ಮಾಡಿದೆವು. ಎಷ್ಟು ಹೊತ್ತಲ್ಲಿ ಆರುತ್ತದೆ ಎಂದು ಗಿರಾಕಿ ಕೇಳಿದರು. ನಾಲ್ಕೂವರೆ ನಿಮಿಷದೊಳಗೆ ಎಂದು ನಾನೇ ಬರೆದುಕೊಟ್ಟೆ. ಅಲ್ಲೇ ಕೆಟ್ಟಿದ್ದು.

ಬರೆದುಕೊಡುವ ಮೊದಲು ಅಳೆದೇ ನೋಡಿದ್ದೆ, ಅದನ್ನು ಹೇಳಬೇಕು. ಗಾಳಿ ನೇರ ಬಂದು ಬಡಿದು, ಒಂದು ಕ್ಷಣ ನಿಂತು, ಸುತ್ತಲೂ ಹರಡಿಕೊಳ್ಳುವ ಜಾಗವೇ ಸ್ಟ್ಯಾಗ್ನೇಶನ್ ಪಾಯಿಂಟ್. ಅಲ್ಲಿ ಮೇಲ್ಮೈಗೆ ಅಂಟಿದ ಗಾಳಿಯ ಪದರ ಬಹಳ ತೆಳು, ಅದಕ್ಕೇ ಶಾಖ ಬೇಗ ಹೋಗುತ್ತದೆ. ಅಲ್ಲಿಯ ಶಾಖ ವರ್ಗಾವಣೆ ಗುಣಾಂಕ ತಿಳಿಯಲು 10 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ತಾಮ್ರದ ತುಂಡೊಂದನ್ನು ಸೆರಾಮಿಕ್ ಫೈಬರ್ ಹಲಗೆಯಲ್ಲಿ ಮೇಲ್ಮೈಗೆ ಸಮವಾಗಿ ಕೂರಿಸಿದೆ. ಹಿಂಬದಿಗೆ ಕೆ ಟೈಪ್ ಥರ್ಮೋಕಪಲ್ ಬೆಸುಗೆ. ತುಂಡಿನ ಅಗಲ ನಾಝಲ್ಲಿನ ಅರ್ಧ ಮಾತ್ರ, ಆದ್ದರಿಂದ ಅದು ಪೂರ್ತಿ ನಡುವಿನ ಜಾಗದೊಳಗೇ ಇರುತ್ತದೆ. ತಾಮ್ರ ಅಷ್ಟು ತೆಳುವಾಗಿರುವಾಗ ಮೇಲೆ ಕೆಳಗೆ ಒಂದೇ ತಾಪ ಎಂದು ಹಿಡಿಯಬಹುದು, ಲೆಕ್ಕ ಸರಳ:

```
h = (rho · c · L / t) · ln[(T1 − Ta) / (T2 − Ta)]
```

ಸಾಂದ್ರತೆ, ವಿಶಿಷ್ಟ ಶಾಖ, ದಪ್ಪ ಮೂರರ ಗುಣಲಬ್ಧ `rho · c · L` ತಾಮ್ರಕ್ಕೆ ಸುಮಾರು 10,300. ತುಂಡನ್ನು 150ರ ಮೇಲಕ್ಕೆ ಕಾಯಿಸಿ, ಗಾಳಿ ಬಿಟ್ಟು, 150ರಿಂದ 90ಕ್ಕೆ ಇಳಿಯಲು ಬೇಕಾದ ಹೊತ್ತು ನೋಡಿದೆ: 19 ಸೆಕೆಂಡು. ಗಾಳಿಯ ತಾಪ 32 ಡಿಗ್ರಿ ಇಟ್ಟರೆ ಲಾಗ್ 0.71, ಗುಣಾಂಕ 385, ಅಂದರೆ ಚದರ ಮೀಟರಿಗೆ, ಡಿಗ್ರಿಗೆ ಅಷ್ಟು ವ್ಯಾಟ್. ಈ 32 ನಾಝಲ್ ಬಾಯಲ್ಲಿ ಅಳೆದದ್ದು. ಶೆಡ್ಡಲ್ಲಿ 28 ಇತ್ತು, ಉಳಿದ ನಾಲ್ಕು ಡಿಗ್ರಿ ಬ್ಲೋವರೇ ಸೇರಿಸಿದ್ದು. ಗಾಳಿ ನಿಲ್ಲಿಸಿ ಅದೇ ಇಳಿಕೆಯನ್ನು ಇನ್ನೊಮ್ಮೆ ನೋಡಿದರೆ ಐದು ನಿಮಿಷ ಹಿಡಿಯಿತು. ಅಂದರೆ ಹಲಗೆಗೆ ಸೋರುವುದೂ ಸೇರಿ 24ರಷ್ಟು ಬೇರೆ ದಾರಿಯಲ್ಲಿ ಹೋಗುತ್ತಿತ್ತು. ಕಳೆದರೆ 360 ಆಸುಪಾಸು.

ನಾಝಲ್ 120 ಮಿಲಿಮೀಟರ್ ಎತ್ತರದಲ್ಲಿತ್ತು, ವ್ಯಾಸದ ಆರು ಪಟ್ಟು. ನಮ್ಮ ಫೋರ್‌ಮನ್ ಬಾಗಲೂರಿನವರು, ವಯಸ್ಸಲ್ಲಿ ನನಗಿಂತ ದೊಡ್ಡವರು. ಅವರಿಗೆ ಇದು ಸರಿ ಕಾಣಲಿಲ್ಲ.

"ಸಾರ್, ಇನ್ನೂ ಹತ್ರ ತಂದ್ರೆ ಬೇಗ ಆರಲ್ವಾ? ಬಿಸಿ ಕಾಫಿಗೆ ದೂರದಿಂದ ಊದ್ತಾರಾ ಯಾರಾದ್ರೂ?"

"ಇಳಿಸಿ ನೋಡೋಣ ಅಣ್ಣ" ಅಂದೆ. 40 ಮಿಲಿಮೀಟರಿಗೆ ಇಳಿಸಿದರೆ ಅದೇ ತಾಮ್ರ 25 ಸೆಕೆಂಡು ತೆಗೆದುಕೊಂಡಿತು, ಗುಣಾಂಕ 270ಕ್ಕೆ ಬಿತ್ತು. ನಾಝಲ್ಲಿಂದ ಹೊರಟ ಗಾಳಿಯ ತಿರುಳು ಐದಾರು ವ್ಯಾಸದವರೆಗೆ ಕದಡದೆ ಬರುತ್ತದೆ. ಅಂಚಿನ ಸುಳಿಗಳು ಒಳಕ್ಕೆ ತಲುಪುವುದು ಆಮೇಲೆ, ನಡುವಿನ ವೇಗವೂ ಆಗಿನ್ನೂ ಅಷ್ಟಾಗಿ ಕುಗ್ಗಿರುವುದಿಲ್ಲ. ವೇಗ ಮತ್ತು ಕದಡು ಎರಡೂ ಒಟ್ಟಿಗೆ ಸಿಗುವ ಆರರಿಂದ ಎಂಟು ವ್ಯಾಸದ ದೂರದಲ್ಲೇ ನಡುಬಿಂದುವಿಗೆ ಹೆಚ್ಚು ಶಾಖ ಹೋಗುವುದು. ಅಣ್ಣ ಮಾತಾಡದೆ ನಾಝಲ್ ಮೇಲಕ್ಕೇರಿಸಿದರು.

ಈಗ ನನ್ನ ತಪ್ಪು. ಆ 360ನ್ನು ಇಡೀ ಬಿಲ್ಲೆಗೆ ಹಾಕಿಬಿಟ್ಟೆ. 10 ಮಿಲಿಮೀಟರ್ ಉಕ್ಕಿಗೆ `rho · c · L` 38,500. 350ರಿಂದ 60ಕ್ಕೆ ಲಾಗ್ 2.43, ಉತ್ತರ 260 ಸೆಕೆಂಡು. ಮೊದಲ ಬಿಲ್ಲೆ ಇಟ್ಟು ಗಡಿಯಾರ ಹಿಡಿದು ನಿಂತೆವು. ನಾಲ್ಕೂವರೆ ನಿಮಿಷಕ್ಕೆ ಅದಿನ್ನೂ 90ರ ಹತ್ತಿರ ಇತ್ತು. 60ಕ್ಕೆ ಬರುವಾಗ ಆರೂವರೆ ನಿಮಿಷ.

ರಾತ್ರಿ ಕೂತು ಪುಸ್ತಕದ ದಾರಿಯಲ್ಲಿ ಮತ್ತೆ ಲೆಕ್ಕ ಹಾಕಿದೆ. ಕದಡಿಲ್ಲದ ನಯವಾದ ಜೆಟ್ಟಿಗೆ ನಡುಬಿಂದುವಿನ ಸೂತ್ರ ಇದು:

```
Nu0 = 0.76 · Re^0.5 · Pr^0.4
```

ವೇಗಕ್ಕೆ ಯು-ಕೊಳವೆಯಲ್ಲಿ ನೀರು ತುಂಬಿ ನೋಡಿದ್ದೆ, ಎರಡು ಬದಿಯ ನೀರಿನ ಮಟ್ಟಗಳ ಅಂತರ 19 ಸೆಂಟಿಮೀಟರ್. ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿ ಸಮುದ್ರ ಮಟ್ಟದ್ದಕ್ಕಿಂತ ಹತ್ತರಲ್ಲೊಂದು ಪಾಲು ಹಗುರ. ಅದನ್ನು ಹಿಡಿದರೆ ವೇಗ ಸೆಕೆಂಡಿಗೆ 60 ಮೀಟರ್, ಮರೆತರೆ 57. ತಾಮ್ರದ ಮತ್ತು ಗಾಳಿಯ ತಾಪಗಳ ನಡುವಿನ 76 ಡಿಗ್ರಿಗೆ ಗಾಳಿಯ ಗುಣಗಳನ್ನು ತೆಗೆದುಕೊಂಡರೆ ರೇನಾಲ್ಡ್ಸ್ ಸಂಖ್ಯೆ 52,000 ಹತ್ತಿರ, ನಸೆಲ್ಟ್ 150, ಗುಣಾಂಕ 225.

ಆಮೇಲೆ ಸರಾಸರಿ. ಹೋಲ್ಗರ್ ಮಾರ್ಟಿನ್ 1977ರಲ್ಲಿ ಕೊಟ್ಟ ಸಂಬಂಧದಿಂದ ಒಂದು ವೃತ್ತದ ಪೂರ್ತಿ ಸರಾಸರಿ ಸಿಗುತ್ತದೆ. 50 ಮಿಲಿಮೀಟರ್ ತ್ರಿಜ್ಯಕ್ಕೆ ಹಾಕಿದೆ. ಅದೂ 225! ಎರಡು ದಾರಿಯಲ್ಲಿ ಒಂದೇ ಉತ್ತರ ಬಂತು ಎಂದು ಖುಷಿಪಡುವ ಮೊದಲು ಯೋಚಿಸಬೇಕಾದ್ದು: ನಡುವಿನದು ಸರಾಸರಿಗಿಂತ ಹೆಚ್ಚೇ ಇರಬೇಕು. ಎರಡೂ ಸಮ ಬಂದರೆ ಒಂದು ಲೆಕ್ಕ ಈ ಜೆಟ್ಟಿನದಲ್ಲ. ಮಾರ್ಟಿನ್ ಅವರ ಸಂಬಂಧ ಕದಡಿದ ನಿಜವಾದ ಜೆಟ್ಟುಗಳ ಅಳತೆಗಳಿಂದ ಬಂದದ್ದು. ನಡುಬಿಂದುವಿನ ಸೂತ್ರಕ್ಕೆ ಕದಡೇ ಗೊತ್ತಿಲ್ಲ. ನನ್ನ ತಾಮ್ರ ಹೇಳಿದ 360 ಆ ಸೂತ್ರದ 1.6 ಪಟ್ಟು, ಆರು ವ್ಯಾಸದ ದೂರದಲ್ಲಿ ಒಂದೂವರೆ ಪಟ್ಟಿನ ಆಸುಪಾಸು ಏರಿಕೆ ಸಾಮಾನ್ಯ. ಎರಡು 225 ಸೇರಿದ್ದು ಕಾಕತಾಳೀಯ ಅಷ್ಟೇ.

ಹಾಗಾದರೆ ಮಾರ್ಟಿನ್ ಸಂಬಂಧದಲ್ಲೇ ತ್ರಿಜ್ಯ ಕಿರಿದು ಮಾಡುತ್ತಾ ಹೋಗಿ ನಡುಬಿಂದುವನ್ನು ಹಿಡಿಯಬಹುದಲ್ಲ ಅನ್ನಿಸಿತು. ಆಗುವುದಿಲ್ಲ. ಅದು ಎರಡೂವರೆಯಿಂದ ಏಳೂವರೆ ವ್ಯಾಸದ ತ್ರಿಜ್ಯಗಳಿಗೆ ಮಾತ್ರ. ನಮ್ಮ ಬಿಲ್ಲೆ ಸರಿಯಾಗಿ ಕೆಳಗಿನ ಅಂಚಲ್ಲಿದೆ. ಇನ್ನೂ ಒಳಕ್ಕೆ ಹೋದರೆ 1.1 ವ್ಯಾಸದಲ್ಲಿ ಉತ್ತರ ಸೊನ್ನೆ, ಆಮೇಲೆ ಮೈನಸ್. ಮೈನಸ್ ಬಂದರೆ ತಪ್ಪು ಎದ್ದು ಕಾಣುತ್ತದೆ. ಒಂದೂವರೆ ವ್ಯಾಸಕ್ಕೆ ಹಾಕಿದಾಗ ಬರುವ ನಂಬುವಂಥ ಸಂಖ್ಯೆಯೇ ಹೆಚ್ಚು ಅಪಾಯ.

225 ಇಟ್ಟರೆ ಬಿಲ್ಲೆಗೆ ಏಳು ನಿಮಿಷಕ್ಕೆ ಸ್ವಲ್ಪ ಕಡಿಮೆ. ನಾವು ಕಂಡ ಆರೂವರೆಗೂ ಇದಕ್ಕೂ ಇರುವ ಅಂತರ ವಿಕಿರಣದ್ದು ಮತ್ತು ಹಿಂಬದಿಯದ್ದು. ಮೂರು ಪಿನ್ನುಗಳ ಮೇಲೆ ಕೂತ ಬಿಲ್ಲೆ 350ರಲ್ಲಿರುವಾಗ ಆ ದಾರಿಯಲ್ಲೂ ಶಾಖ ಸಾಕಷ್ಟು ಹೋಗುತ್ತದೆ, ತಣಿದಂತೆ ಅದು ಕುಗ್ಗುತ್ತದೆ. ನಡುವಿಗೊಂದು, ಅಂಚಿಗೊಂದು ಥರ್ಮೋಕಪಲ್ ಹಾಕಿದಾಗ ಮೊದಲ ನಿಮಿಷದಲ್ಲಿ ನಡು ಮೂವತ್ತು ನಲವತ್ತು ಡಿಗ್ರಿ ತಣ್ಣಗಿತ್ತು. ಆ 360 ಸುಳ್ಳಲ್ಲ ಎಂದು ಅಲ್ಲಿ ಕಂಡಿತು. ಇನ್ನೂ ತೆಳು ಬಿಲ್ಲೆಯಾಗಿದ್ದರೆ ಅಂತರ ಹೆಚ್ಚುತ್ತಿತ್ತು, ಬಿಲ್ಲೆ ಸೊಟ್ಟಗಾಗುತ್ತದೋ ಎಂದು ನೋಡಲು ಬೇಕಾಗುವ ಸಂಖ್ಯೆ ಆ 360ಯೇ.

ಗಿರಾಕಿಗೆ ಫೋನ್ ಮಾಡಿ ತಪ್ಪು ನನ್ನದೇ ಎಂದೆ. ಪಿನ್ನುಗಳ ಕೆಳಗಿಂದ ಇನ್ನೊಂದು ಬ್ಲೋವರ್, ಅದೇ ಅಳತೆಯ ನಾಝಲ್, ಅದೇ 120 ಮಿಲಿಮೀಟರ್ ದೂರ. ಎರಡೂ ಬದಿಗೆ 225 ಇಟ್ಟು, ವಿಕಿರಣಕ್ಕೆ ಸ್ವಲ್ಪ ಸೇರಿಸಿ, ಈ ಸಲ ಮೂರೂವರೆ ನಿಮಿಷ ಎಂದು ಬರೆದೆ. ಬಂದದ್ದು 3 ನಿಮಿಷ 25 ಸೆಕೆಂಡು. ಎರಡನೇ ಬ್ಲೋವರಿನ ಖರ್ಚು ನಮ್ಮ ಲೆಕ್ಕಕ್ಕೇ ಬಿತ್ತು.